ಸತ್ಯಾಂಶ: ಮೆಟೀರಿಯಲ್ ವೀಕ್ನೆಸ್ ಅಳೆಯುವುದು ಹೇಗೆ

"ಲೆಕ್ಕದಲ್ಲಿ ಸಿಕ್ಕ ತಪ್ಪು ಚಿಕ್ಕದಾದರೆ ಅದು ಮೆಟೀರಿಯಲ್ ವೀಕ್ನೆಸ್ ಆಗುವುದಿಲ್ಲ."

ಹಾಗಲ್ಲ. ಮೆಟೀರಿಯಲ್ ವೀಕ್ನೆಸ್ ಎಂದರೆ ಕಂಪನಿಯ ಹಣಕಾಸು ವರದಿಯ ಮೇಲಿನ ಆಂತರಿಕ ನಿಯಂತ್ರಣದಲ್ಲಿರುವ ಗಂಭೀರ ಲೋಪ. ಅಮೆರಿಕದ ಆಡಿಟ್ ನಿಯಂತ್ರಕ ಸಂಸ್ಥೆ ಪಿಸಿಎಒಬಿಯ ಎಎಸ್ 2201 ಮಾನದಂಡದ ಪ್ರಕಾರ, ಆ ಲೋಪದಿಂದ ದೊಡ್ಡ ತಪ್ಪು ನುಸುಳುವ ಸಮಂಜಸ ಸಾಧ್ಯತೆ ಇದ್ದರೆ ಸಾಕು.

ಮೆಟೀರಿಯಾಲಿಟಿ, ಅಂದರೆ ತಪ್ಪು ದೊಡ್ಡದೆನಿಸುವ ಮಟ್ಟ, 50 ಲಕ್ಷ ಡಾಲರ್ ಎನ್ನಿ. ವರ್ಷಾಂತ್ಯದ 6 ಕೋಟಿ ಡಾಲರ್ ಮಾರಾಟ ಸರಿಯಾದ ಅವಧಿಗೆ ಸೇರಿದೆಯೇ ಎಂಬ ಪರಿಶೀಲನೆ ನಡೆದೇ ಇಲ್ಲ. ಆಡಿಟರ್‌ಗೆ ಸಿಕ್ಕಿದ್ದು 40 ಸಾವಿರದ ತಪ್ಪು. ಆದರೆ ಕಾವಲಿಲ್ಲದೆ ಉಳಿದದ್ದು 6 ಕೋಟಿ. ಸಿಎಫ್‌ಒ ಪ್ರತಿ ತಿಂಗಳು ಮಾಡುವ ಮಾರಾಟ ವಿಶ್ಲೇಷಣೆ ಈ ಕೊರತೆ ತುಂಬೀತೇ? ಅದು 80 ಲಕ್ಷ ಮೀರಿದ ವ್ಯತ್ಯಾಸವನ್ನಷ್ಟೇ ಪ್ರಶ್ನಿಸುವುದಾದರೆ 60 ಲಕ್ಷದ ತಪ್ಪು ದಾಟಿಹೋಗುತ್ತದೆ. ಇದು ಮೆಟೀರಿಯಲ್ ವೀಕ್ನೆಸ್. ವಿಶ್ಲೇಷಣೆಯ ಆ ಮಿತಿ 10 ಲಕ್ಷವಿದ್ದು, ಆಡಿಟರ್ ಪರೀಕ್ಷೆಯಲ್ಲೂ ವಿಶ್ಲೇಷಣೆ ಗೆದ್ದರೆ, ಈ ಕೊರತೆ ಅಷ್ಟು ಗಂಭೀರವಲ್ಲದ, ಆದರೂ ಆಡಿಟ್ ಸಮಿತಿಯ ಗಮನಕ್ಕೆ ತರಬೇಕಾದ ಸಿಗ್ನಿಫಿಕೆಂಟ್ ಡಿಫಿಷಿಯೆನ್ಸಿಗೆ ಇಳಿಯಬಹುದು.

ವರ್ಷಾಂತ್ಯಕ್ಕೆ ಒಂದೇ ಮೆಟೀರಿಯಲ್ ವೀಕ್ನೆಸ್ ಉಳಿದರೂ ಆಂತರಿಕ ನಿಯಂತ್ರಣದ ಮೇಲಿನ ಅಭಿಪ್ರಾಯ ಪ್ರತಿಕೂಲವಾಗುತ್ತದೆ. ಹಣಕಾಸು ಪಟ್ಟಿಗಳ ಮೇಲಿನ ಅಭಿಪ್ರಾಯ ಆಗಲೂ ಸ್ವಚ್ಛವಾಗಿರಬಹುದು.