ಟೀಚರ್ ಮೊದಲು ಮಾತಾಡಲಿ

ನಿನ್ನೆ ಸಕಲೇಶಪುರದ ಕಡೆ ನಿವೃತ್ತರಾದ ಟೀಚರ್ ಒಬ್ಬರ ಬೀಳ್ಕೊಡುಗೆ ಸಮಾರಂಭಕ್ಕೆ ಹೋಗಿದ್ದೆ. ಬಂದು ರಾತ್ರಿ ಊಟ ಮಾಡಿ ಮಲಗಿದರೂ ನಿದ್ದೆ ಹತ್ತಲಿಲ್ಲ. ಸಿಟ್ಟೂ ಇದೆ, ಖುಷಿಯೂ ಇದೆ. ಎರಡನ್ನೂ ಇಲ್ಲಿ ಬರೆದುಬಿಡುತ್ತೇನೆ.

ಈ ಭಾಗದ ಶಿಕ್ಷಕರ ಕಾರ್ಯಕ್ರಮಗಳಿಗೆ ಬಂದವರು ನನ್ನ ನಿರೂಪಣೆ ಕೇಳಿಯೇ ಇರುತ್ತೀರಿ. ಹಾಗಾಗಿ ಇಂಥ ಸಭೆಗಳ ಒಳಗೂ ಹೊರಗೂ ನನಗೆ ಚೆನ್ನಾಗಿ ಗೊತ್ತು. ನಿನ್ನೆ ಮಾತ್ರ ನಾನು ಸುಮ್ನೆ ಕೂತು ಕೇಳುವವನಾಗಿದ್ದೆ. ಹನ್ನೊಂದಕ್ಕೆ ಅಂತ ಆಮಂತ್ರಣದಲ್ಲಿ ಇತ್ತು, ಶುರುವಾಗಿದ್ದು ಹನ್ನೆರಡರ ಹತ್ತಿರ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಹಚ್ಚುವುದು, ಉದ್ಘಾಟನೆಯ ಭಾಷಣ, ಆಮೇಲೆ ಅತಿಥಿಗಳು ಒಬ್ಬೊಬ್ಬರಾಗಿ. ಮೂವತ್ತಕ್ಕೂ ಜಾಸ್ತಿ ವರ್ಷ ಪಾಠ ಮಾಡಿದ ಹೆಂಗಸು ಅಲ್ಲೇ ವೇದಿಕೆ ಮೇಲೆ ಮೈಸೂರು ಪೇಟ, ಶಾಲು, ಹಾರ ಹಾಕಿಸಿಕೊಂಡು, ಫಲತಾಂಬೂಲದ ತಟ್ಟೆ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಅವರ ಕೈಗೆ ಮೈಕ್ ಸಿಕ್ಕಿದಾಗ ಗಂಟೆ ಎರಡು ದಾಟಿತ್ತು. ಹಿಂದೆ ಊಟದ ಎಲೆ ಹಾಸುತ್ತಿದ್ದರು.

ನನ್ನ ಸಿಟ್ಟು ಇದೇ. ಯಾರ ಸಲುವಾಗಿ ಸಭೆಯೋ ಅವರ ಮಾತು ಕೊನೆಗೆ. ಅದೂ ಐದು ನಿಮಿಷದಲ್ಲಿ ಮುಗಿಸಬೇಕು.

ಐದು ನಿಮಿಷ ಕೊಟ್ಟರೆ ಏನಾಗುತ್ತದೆ ಅಂತ ಎಷ್ಟೋ ಸಲ ನೋಡಿದ್ದೇನೆ. ಮೊದಲ ಎರಡು ನಿಮಿಷ ವೇದಿಕೆ ಮೇಲಿನವರ ಹೆಸರು ಹೇಳುವುದಕ್ಕೇ ಹೋಗುತ್ತದೆ. ಒಬ್ಬರ ಹೆಸರು ಬಿಟ್ಟರೂ ಬೇಜಾರು. ಉಳಿದ ಹೊತ್ತಿನಲ್ಲಿ ಗಂಟಲು ಕಟ್ಟುತ್ತದೆ, ಕಣ್ಣು ಒರೆಸಿಕೊಳ್ಳುತ್ತಾರೆ, "ಸಹಕಾರ ಕೊಟ್ಟ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ" ಅಂದು ಕೂತುಬಿಡುತ್ತಾರೆ. ಯಾರು, ಏನು ಸಹಕಾರ ಕೊಟ್ಟರು ಅನ್ನುವುದು ಅವರ ಹೊಟ್ಟೆಯಲ್ಲೇ ಉಳಿಯುತ್ತದೆ.

ನಿನ್ನೆ ಈ ಟೀಚರ್ ಹಾಗೆ ಮಾಡಲಿಲ್ಲ. "ವೇದಿಕೆ ಮೇಲಿರೋ ಹಿರಿಯರಿಗೆಲ್ಲ ನಮಸ್ಕಾರ" ಅಂತ ಒಂದೇ ಮಾತಿನಲ್ಲಿ ಮುಗಿಸಿದರು. "ಇವತ್ತು ನಾನು ಹೆಸರು ಹೇಳೋದು ಇಲ್ಲಿ ಕೂತಿಲ್ಲದೋರದ್ದು" ಅಂದರು. ನಾನು ನೆಟ್ಟಗೆ ಕೂತೆ.

ಅವರ ಮೊದಲ ಶಾಲೆ ಹೆತ್ತೂರು ಕಡೆಯ ಏಕೋಪಾಧ್ಯಾಯ ಶಾಲೆ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಎಲ್ಲ ಮಕ್ಕಳೂ ಒಂದೇ ಕೋಣೆಯಲ್ಲಿ. ಊರಿಗೂ ಶಾಲೆಗೂ ನಡುವೆ ಒಂದು ಹಳ್ಳ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಆ ಕಡೆ ಹೇಗೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ರತಿ ವರ್ಷ ಮಳೆ ಶುರುವಾಗುವ ಮುಂಚೆ ಇಬ್ಬರು ಅಪ್ಪಂದಿರು ಮರ ಕಡಿದು ತಂದು ಹಳ್ಳಕ್ಕೆ ಸಂಕ ಹಾಕುತ್ತಿದ್ದರಂತೆ. ಒಂದು ಕಡೆ ಹಿಡಿದುಕೊಳ್ಳಲು ಬಿದಿರಿನ ಗಳ. ಯಾರೂ ದುಡ್ಡು ಕೊಡಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ನೀರು ಜಾಸ್ತಿ ಇದ್ದ ದಿನ ಅವರಲ್ಲೊಬ್ಬರು ಗದ್ದೆ ಕೆಲಸ ಬಿಟ್ಟು ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ದಾಟಿಸುತ್ತಿದ್ದರು, ಕೊನೆಗೆ ಟೀಚರನ್ನೂ. "ನನ್ನ ಹಾಜರಿ ಪುಸ್ತಕದಲ್ಲಿ ಜುಲೈ ತಿಂಗಳ ಸಹಿ ಇದ್ದರೆ ಅದು ಅವರಿಬ್ಬರ ಕೆಲಸ" ಅಂದರು. ಇಬ್ಬರ ಹೆಸರನ್ನೂ ಹೇಳಿದರು. ಈಗ ಅವರಿಬ್ಬರೂ ಇಲ್ಲ.

ಆಮೇಲೆ ಹೇಳಿದ್ದು ಕಾಫಿ ತೋಟದ ಕೂಲಿಯವರಿರುವ ಲೈನ್ ಮನೆಗಳ ಮಕ್ಕಳ ಕಥೆ. ನನಗೆ ಇದೇ ಇಡೀ ಭಾಷಣದ ತಿರುಳು.

ಕಾಫಿ ಸೀಮೆಯಲ್ಲಿ ಪಾಠ ಮಾಡಿದವರಿಗೆ ಇದು ಗೊತ್ತು. ಅರೇಬಿಕಾ ಹಣ್ಣು ನವೆಂಬರ್‌ನಿಂದ ಶುರು, ರೋಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರವರಿ, ಮಾರ್ಚ್. ಕೊಯ್ಲಿನಲ್ಲಿ ಕೆಜಿಗಿಷ್ಟು ಅಂತ ಕೂಲಿ ಕೊಡುವ ತೋಟಗಳೇ ಜಾಸ್ತಿ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಬೆಳಗ್ಗೆಯೇ ಗಿಡದ ಹತ್ತಿರ ಇರುತ್ತಾರೆ. ಕೈಕೂಸನ್ನು ನೋಡಿಕೊಳ್ಳಲು ದೊಡ್ಡ ಮಗಳು ಲೈನಲ್ಲಿ ಉಳಿಯುತ್ತಾಳೆ. ಅಲ್ಲಿಗೆ ಆ ಹುಡುಗಿಯ ಶಾಲೆ ನಿಂತಿತು. ಈ ಟೀಚರ್ ಏನು ಮಾಡಿದರು ಅಂದರೆ, "ಕೂಸನ್ನೂ ಎತ್ಕೊಂಡು ಬಾ" ಅಂದರು. ಕ್ಲಾಸಿನ ಮೂಲೆಯಲ್ಲಿ ಚಾಪೆ, ಹಳೇ ಸೀರೆಯ ತೊಟ್ಟಿಲು. ತಪಾಸಣೆಗೆ ಬಂದವರೊಬ್ಬರು ಇದೇನು ಶಾಲೆಯೋ ಅಂಗನವಾಡಿಯೋ ಅಂತ ಕೇಳಿದ್ದರಂತೆ. ಟೀಚರ್ ಆ ಹುಡುಗಿಯನ್ನು ಎಬ್ಬಿಸಿ ಕನ್ನಡ ಪಾಠ ಓದಿಸಿದರು. ಅವಳು ತಡವರಿಸದೆ ಓದಿದಳು. ಬಂದವರು ಮುಂದೆ ಏನೂ ಕೇಳಲಿಲ್ಲ.

ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಕೊಯ್ಲು ಮುಗಿದ ಮೇಲೆ ಎಷ್ಟೋ ಕುಟುಂಬ ರಾತ್ರೋರಾತ್ರಿ ಬೇರೆ ತೋಟಕ್ಕೋ, ಊರಿಗೋ ಹೊರಟುಬಿಡುತ್ತವೆ. ಮಗುವಿನ ಹೆಸರು ಇಲ್ಲಿಯ ಹಾಜರಿಯಲ್ಲೇ ಇರುತ್ತದೆ, ಮಗು ಇರುವುದಿಲ್ಲ. ಹೋದ ಕಡೆ ಶಾಲೆಯವರು ಟಿಸಿ ಎಲ್ಲಿ ಅನ್ನುತ್ತಾರೆ. ಟಿಸಿ ತಡವಾಯಿತು ಅಂತ ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುತ್ತದೆ. ಆದರೆ ಅದನ್ನು ಲೈನ್ ಮನೆಯ ತಾಯಿ ಯಾರ ಹತ್ತಿರ ಹೋಗಿ ಹೇಳಬೇಕು? ನಾಲ್ಕನೇ ಕ್ಲಾಸ್ ಓದುತ್ತಿದ್ದ ಮಗುವನ್ನು ಎರಡಕ್ಕೆ ಕೂರಿಸುತ್ತಾರೆ. ವರ್ಷ ಕಳೆದರೆ ಆ ಮಗು ಶಾಲೆಯನ್ನೇ ಬಿಟ್ಟಿರುತ್ತದೆ.

ಅದಕ್ಕೆ ಟೀಚರ್ ಜನವರಿ ಬಂತೆಂದರೆ ಪ್ರತಿ ಲೈನ್ ಮಗುವಿಗೂ ಒಂದು ಚೀಟಿ ಬರೆಯುತ್ತಿದ್ದರು. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ತಾರೀಖು, ಓದುತ್ತಿರುವ ಕ್ಲಾಸು, ಇತ್ತೀಚಿನ ವರ್ಷಗಳಲ್ಲಿ ಮಗುವಿನ ಆನ್‌ಲೈನ್ ದಾಖಲೆಯ ಎಸ್‌ಎಟಿಎಸ್ ನಂಬರು, ಶಾಲೆಯ ಸೀಲು, ಕೆಳಗೆ ತಮ್ಮ ಫೋನ್ ನಂಬರು. ಪ್ಲಾಸ್ಟಿಕ್ ಕವರಿಗೆ ಹಾಕಿ ತಾಯಿಯ ಕೈಗೇ ಕೊಡುವುದು. ಅಪ್ಪನ ಕೈಗೆ ಕೊಟ್ಟರೆ ಕಳೆಯುತ್ತದೆ ಅಂತ ಅವರ ಅನುಭವ.

ಯಾರು ಯಾವತ್ತು ಹೊರಡುತ್ತಾರೆ ಅಂತ ಟೀಚರಿಗೆ ಗೊತ್ತಾಗುವುದು ಹೇಗೆ? ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡುತ್ತಿದ್ದರು. "ಮೇಡಂ, ನಾಳೆ ಬೆಳಗ್ಗೆ ಎರಡು ಮನೆ ಖಾಲಿ ಆಗ್ತಾವೆ" ಅಂತ. ಟೀಚರ್ ಟಾರ್ಚ್ ಹಿಡಿದು ಲೈನಿಗೆ ಹೋಗಿ ಚೀಟಿ ಕೊಟ್ಟು ಬರುತ್ತಿದ್ದರು. ಆ ರೈಟರ್ ನಿನ್ನೆ ಸಭೆಯಲ್ಲಿ ಬಾಗಿಲ ಹತ್ತಿರ ನಿಂತಿದ್ದರು. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರಿಲ್ಲ, ಕುರ್ಚಿಯೂ ಸಿಕ್ಕಿರಲಿಲ್ಲ. ಟೀಚರ್ ಅವರನ್ನು ಹೆಸರು ಹಿಡಿದು ಕರೆದು, "ಇವರು ಮಾಡಿದ ಫೋನಿನಿಂದ ನಮ್ಮ ಎಷ್ಟೋ ಮಕ್ಕಳ ಕ್ಲಾಸು ಉಳೀತು" ಅಂದರು. ಆ ಮನುಷ್ಯ ಟವೆಲ್‌ನಿಂದ ಮುಖ ಮುಚ್ಚಿಕೊಂಡರು. ನನಗೂ ತಡೆಯಲಾಗಲಿಲ್ಲ.

ಸರಿಯಾಗಿ ಆ ಹೊತ್ತಿಗೆ ವೇದಿಕೆ ಮೇಲೆ ಒಂದು ಚೀಟಿ ಬಂತು. ನಿರೂಪಣೆ ಮಾಡುವವನಿಗೆ ಅದರಲ್ಲಿ ಏನಿದೆ ಅಂತ ಓದದೆಯೇ ಗೊತ್ತಾಗುತ್ತದೆ. ಬೇಗ ಮುಗಿಸಿ ಅಂತ. ಒಂದೂ ಕಾಲು ಗಂಟೆ ತಮ್ಮ ತಮ್ಮ ಸೇವೆಯ ಬಗ್ಗೆ ಮಾತಾಡಿದ ಅತಿಥಿಗಳಿಗೆ ಬಾರದ ಚೀಟಿ ಟೀಚರಿಗೆ ಬಂತು! ಅವರು ಅದನ್ನು ಓದಿ, ಮಡಿಸಿ, ತಾಂಬೂಲದ ತಟ್ಟೆಯಲ್ಲಿಟ್ಟು ಮಾತು ಮುಂದುವರಿಸಿದರು. ಆ ಕ್ಷಣದಲ್ಲಿ ನಾನೊಬ್ಬನೇ ಚಪ್ಪಾಳೆ ತಟ್ಟಿದೆ, ಪಕ್ಕದವರು ತಿರುಗಿ ನೋಡಿದರು. ನೋಡಲಿ.

ಅಡುಗೆಯವರನ್ನು ನೆನೆದರು. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಂತ ಬಿಸಿಯೂಟದ ಲೆಕ್ಕ. ತೊಟ್ಟಿಲ ಕೂಸಿನ ಹೆಸರು ಆ ಲೆಕ್ಕದಲ್ಲಿ ಇರುವುದಿಲ್ಲ. ಆ ಕೂಸುಗಳಿಗೆ ಮೆತ್ತಗೆ ಗಂಜಿ ಮಾಡಲು ಅಡುಗೆಯ ಅಕ್ಕ ತಮ್ಮ ಮನೆಯಿಂದ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಬರುತ್ತಿದ್ದರಂತೆ. ಜೊತೆಗಿದ್ದ ಮೇಷ್ಟ್ರಿಗೆ ಹೇಳಿದ ಧನ್ಯವಾದವೂ ಹಾಗೆಯೇ. ಕಂಪ್ಯೂಟರ್ ಕೆಲಸ ಬಂದ ಮೇಲೆ ಆನ್‌ಲೈನ್ ಎಂಟ್ರಿಯೆಲ್ಲ ಅವರೇ ಮಾಡಿ, ಟೀಚರನ್ನು ಮಕ್ಕಳ ಹತ್ತಿರ ಇರಲು ಬಿಟ್ಟರು ಅಂತ.

ಮನೆಯವರ ಸರದಿ ಬಂದಾಗ ದನಿ ಸಣ್ಣಗಾಯಿತು. 2011ರ ಫೆಬ್ರವರಿಯಲ್ಲಿ ಜನಗಣತಿ. ಮಗಳಿಗೆ ಅದೇ ವರ್ಷ ಎಸ್ಸೆಸ್ಸೆಲ್ಸಿ. ಟೀಚರ್ ಫಾರಂ ಹಿಡಿದು ತೋಟ ತೋಟ ಸುತ್ತುತ್ತಿದ್ದರೆ ಮನೆಯಲ್ಲಿ ಗಂಡ ಅಡುಗೆ ಮಾಡಿ, ರಾತ್ರಿ ಮಗಳ ಜೊತೆ ಎದ್ದು ಕೂರುತ್ತಿದ್ದರು. "ಊರ ಮಕ್ಕಳ ಹುಟ್ಟಿದ ತಾರೀಖೆಲ್ಲ ನಂಗೆ ಬಾಯಿಗೆ ಬರುತ್ತೆ. ನಿನ್ನ ಪರೀಕ್ಷೆ ಯಾವತ್ತು ಶುರು ಅಂತ ಮಾತ್ರ ಅಪ್ಪನ್ನ ಕೇಳಿದ್ದೆ ಕಣೇ" ಅಂತ ಮಗಳನ್ನೇ ನೋಡಿ ಹೇಳಿದರು. ಮಗಳು ನಗುತ್ತಾ ಅಳುತ್ತಿದ್ದಳು.

ಆ ಸಭೆಯಲ್ಲಿ ಶಾಲೆಯ ಮಕ್ಕಳು ಒಬ್ಬರೂ ಇರಲಿಲ್ಲ. ಇದು ನನ್ನ ಸಿಟ್ಟಿನ ಇನ್ನೊಂದು ಮುಖ. ನಮ್ಮಲ್ಲಿ ಅರವತ್ತು ತುಂಬಿದ ತಿಂಗಳ ಕೊನೇ ದಿನ ನಿವೃತ್ತಿ. ತಿಂಗಳ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಗೇ. ಆ ಕಾಲದಲ್ಲಿ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಜೂನ್ 1 ಅಂತ ಬರೆದರು. ಈ ಟೀಚರಿಗೂ ಹಾಗೆಯೇ. ಹಾಗಾಗಿ ಮೇ 31ಕ್ಕೆ ಬಿಡುಗಡೆ. ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ಚಾರ್ಜು ಕೊಟ್ಟು ಹೊರಟಿರುತ್ತಾರೆ. ಮಕ್ಕಳು ಇನ್ನೂ ಪೂರ್ತಿ ಬಂದಿರುವುದಿಲ್ಲ. ಆಮೇಲೆ ಒಂದು ಭಾನುವಾರ ಪೇಟೆಯ ಹಾಲ್‌ನಲ್ಲಿ ಸನ್ಮಾನ. ಮಕ್ಕಳನ್ನು ಯಾರು ಕರೆಯುತ್ತಾರೆ?

ಊಟದ ಹೊತ್ತಿಗೆ ಸಂಘಟಕರಲ್ಲೊಬ್ಬರ ಹತ್ತಿರ ಇದನ್ನೆಲ್ಲ ಹೇಳಿದೆ. "ಸರ್, ದೂರದಿಂದ ಬಂದ ಹಿರಿಯರನ್ನ ಕಾಯಿಸೋಕಾಗುತ್ತಾ? ಭಾನುವಾರ ಬಿಟ್ಟರೆ ಬೇರೆ ಶಾಲೆಯವರು ಬರೋದು ಹೇಗೆ?" ಅಂದರು. ಭಾನುವಾರದ ಮಾತು ಒಪ್ಪುತ್ತೇನೆ. ಹಾಗಿದ್ದರೆ ಶಾಲೆ ತೆರೆದ ಮೇಲೆ ಒಂದು ಶನಿವಾರ ಬೆಳಗ್ಗೆ ಅರ್ಧ ಗಂಟೆ ಶಾಲೆಯ ಅಂಗಳದಲ್ಲೇ ಮಕ್ಕಳ ಎದುರು ಮಾತಾಡಿಸಿ. ಪೇಟ, ಶಾಲು ಏನೂ ಬೇಡ. ಹಿರಿಯರ ವಿಷಯ ಮಾತ್ರ ನಾನು ಒಪ್ಪುವುದಿಲ್ಲ. ಹಿರಿಯರು ಬಂದಿದ್ದು ಯಾರಿಗೋಸ್ಕರ? ಟೀಚರ್ ಮೊದಲು ಮಾತಾಡಿದರೆ ಅವರಿಗೇ ಅನುಕೂಲ. ಹಿಂದೊಮ್ಮೆ ನಾನು ನಿರೂಪಣೆ ಮಾಡಿದ ಕಡೆ ಸ್ವಾಗತ ಆದ ಕೂಡಲೇ ನಿವೃತ್ತರಿಗೆ ಮೈಕ್ ಕೊಟ್ಟಿದ್ದೆ. ಆಮೇಲೆ ಎದ್ದ ಅತಿಥಿಗಳು ತಾವು ಕೇಳಿದ್ದರ ಮೇಲೆಯೇ ಮಾತಾಡಿದರು, ಚಿಕ್ಕದಾಗಿ, ಚೆನ್ನಾಗಿ. ಒಂದೂವರೆಗೆ ಎಲ್ಲರೂ ಊಟಕ್ಕೆ ಕೂತಿದ್ದರು.

ಮುಂದಿನ ತಿಂಗಳು ನಮ್ಮ ಕ್ಲಸ್ಟರಿನಲ್ಲೇ ಇಬ್ಬರ ಬೀಳ್ಕೊಡುಗೆ ಇದೆ. ನಿರೂಪಣೆಗೆ ನನ್ನನ್ನೇ ಕೇಳಿದ್ದಾರೆ. ಸ್ವಾಗತ ಆದ ಮೇಲೆ ನಿವೃತ್ತರ ಮಾತು, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ, ಅಡುಗೆಯವರಿಗೂ ಊರಿನವರಿಗೂ ಮುಂದಿನ ಸಾಲು ಅಂತ ಬರೆದು ಇವತ್ತು ಬೆಳಗ್ಗೆಯೇ ಕಳಿಸಿದ್ದೇನೆ. ಒಪ್ಪಿದರೆ ಮೈಕ್ ಹಿಡಿಯುತ್ತೇನೆ. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಲಿ.