ಶೇ. 12ರಿಂದ ಶೇ. 15ಕ್ಕೆ ಏರಿದ ಮಾರ್ಜಿನ್, 4.80 ಲಕ್ಷದಿಂದ 3 ಲಕ್ಷಕ್ಕೆ ಇಳಿದ ಲಾಭ

ಶಿರಸಿಯಲ್ಲಿ ಅಂಗಡಿಕಾರರ ಲೆಕ್ಕಪತ್ರ ಬರೆಯುವುದು ನನ್ನ ಕಸುಬು. ಏಪ್ರಿಲ್ ಬಂತೆಂದರೆ ಗ್ರಾಸ್ ಮಾರ್ಜಿನ್ ಒಂದನ್ನೇ ನೋಡಿ ವ್ಯಾಪಾರ ಸುಧಾರಿಸಿತು ಎಂದು ನೆಮ್ಮದಿಯಿಂದ ಎದ್ದುಹೋಗುವವರನ್ನು ಪ್ರತಿ ವರ್ಷ ಕಾಣುತ್ತೇನೆ. ಈ ಸಲ ಬಂದ ಒಂದು ಕಿರಾಣಿ ಅಂಗಡಿಯ ಲೆಕ್ಕವನ್ನು, ಗುರುತು ಸಿಗದಂತೆ ಅಂಕಿಗಳನ್ನು ಸರಿಸುಮಾರು ಮಾಡಿ, ಆ ದಂಪತಿಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಸ್ವಂತ ಕಟ್ಟಡದ ಅಂಗಡಿ. ಗಂಡ ಹೆಂಡತಿ ಇಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾರೆ. ಕೆಲಸಕ್ಕೆ ಒಬ್ಬ ಹುಡುಗನಿದ್ದ. ಹಿಂದಿನ ವರ್ಷ ಜಿಎಸ್‌ಟಿ ಬಿಟ್ಟು 60 ಲಕ್ಷ ರೂಪಾಯಿ ಮಾರಾಟವಾಗಿತ್ತು. ಮಾರಿದ ಸಾಮಾನಿನ ಅಸಲು, ಅಂದರೆ ಆರಂಭದ ದಾಸ್ತಾನಿಗೆ ವರ್ಷದ ಖರೀದಿಯನ್ನೂ ಹುಬ್ಬಳ್ಳಿಯಿಂದ ಬರುವ ಲಾರಿಯ ಬಾಡಿಗೆ, ಹಮಾಲಿಗಳನ್ನೂ ಕೂಡಿಸಿ, ಕೊನೆಯಲ್ಲಿ ಉಳಿದ ದಾಸ್ತಾನನ್ನು ಕಳೆದರೆ ಸಿಗುವ ಮೊತ್ತ, 52.80 ಲಕ್ಷ. ಉಳಿದ 7.20 ಲಕ್ಷವೇ ಗ್ರಾಸ್ ಲಾಭ, ಮಾರಾಟದ ಶೇ. 12. ಅದರಿಂದ ಹುಡುಗನ ಸಂಬಳ, ಕರೆಂಟ್ ಬಿಲ್, ಬ್ಯಾಂಕಿನ ಬಡ್ಡಿ, ಚಿಲ್ಲರೆ ಖರ್ಚು ಎಲ್ಲ ಸೇರಿ 2.40 ಲಕ್ಷ ಹೋಗಿ 4.80 ಲಕ್ಷ ನಿವ್ವಳವಾಗಿ ಉಳಿದಿತ್ತು. ಅದು ಮಾರಾಟದ ಶೇ. 8, ಇದೇ ನೆಟ್ ಮಾರ್ಜಿನ್.

ಮರುವರ್ಷ ಅವರು ಪಕ್ಕದ ಮಳಿಗೆಯನ್ನು ಬಾಡಿಗೆಗೆ ಹಿಡಿದರು. ಸಾಲ ಮಾಡಿ ಎರಡು ದೊಡ್ಡ ಫ್ರೀಜರ್ ಹಾಗೂ ಗಾಜಿನ ಕಪಾಟುಗಳನ್ನು ತಂದರು, ಇನ್ನೊಬ್ಬ ಹುಡುಗನನ್ನು ಇಟ್ಟುಕೊಂಡರು. ಅಕ್ಕಿ, ಸಕ್ಕರೆ, ಎಣ್ಣೆಯಲ್ಲಿ ಏನೂ ಗಿಟ್ಟುವುದಿಲ್ಲ, ಐಸ್‌ಕ್ರೀಮು, ಒಣಹಣ್ಣು, ಪೂಜಾ ಸಾಮಾನು, ಸೌಂದರ್ಯ ಸಾಧನಗಳಲ್ಲಿ ಮಾರ್ಜಿನ್ ಇದೆ ಎಂಬುದು ಅವರ ವಿಚಾರವಾಗಿತ್ತು. ವಿಚಾರ ತಪ್ಪೇನಲ್ಲ. ವರ್ಷ ಮುಗಿಯುವಾಗ ಮಾರಾಟ 66 ಲಕ್ಷಕ್ಕೆ ಏರಿತ್ತು. ಅವರ ಪುಸ್ತಕದ ಪ್ರಕಾರ ಗ್ರಾಸ್ ಮಾರ್ಜಿನ್ ಶೇ. 16 ಇತ್ತು. "ತಮ್ಮಾ, ಮಾರ್ಜಿನ್ ಏರಿದೆ, ಆದರೆ ಗಲ್ಲಾದಲ್ಲಿ ದುಡ್ಡೇ ನಿಲ್ಲುತ್ತಿಲ್ಲವಲ್ಲ, ಯಾಕೆ?" ಎಂದು ಅಕ್ಕ ಕೇಳಿದ್ದು ಆಗ.

ಮೊದಲು ನಾನು ಅನುಮಾನಿಸಿದ್ದು ಆ 16ನ್ನೇ. ಗ್ರಾಸ್ ಮಾರ್ಜಿನ್ ನಿಂತಿರುವುದು ಕೊನೆಯ ದಾಸ್ತಾನಿನ ಮೇಲೆ. ದಾಸ್ತಾನನ್ನು ಹೆಚ್ಚು ತೋರಿಸಿದಷ್ಟೂ ಅಸಲು ಕಡಿಮೆಯಾಗಿ ಲಾಭ ಉಬ್ಬುತ್ತದೆ. ಯಾದಿ ಹಿಡಿದು ಗೋದಾಮಿಗೆ ಹೋದೆವು. ನಮ್ಮ ಕಡೆಯ ಮಳೆಗಾಲದ ಥಂಡಿ ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಗೋಡೆಗೆ ತಾಗಿಸಿಟ್ಟಿದ್ದ ತೊಗರಿಬೇಳೆಯ ಚೀಲ ಕೆಳಗಿನಿಂದ ಮುಗ್ಗಲು ಹಿಡಿದು, ಕೈ ಹಾಕಿದರೆ ಮುದ್ದೆಯಾಗಿ ಬರುತ್ತಿತ್ತು. ಬೆಲ್ಲ ನೀರೊಡೆದಿತ್ತು. ಕಪಾಟಿನ ಕ್ರೀಮು, ಶಾಂಪೂಗಳಲ್ಲಿ ಅವಧಿ ಮುಗಿದವು ಒಂದು ರಟ್ಟಿನ ಪೆಟ್ಟಿಗೆಯ ತುಂಬ ಸಿಕ್ಕವು. ಇವೆಲ್ಲವೂ ಯಾದಿಯಲ್ಲಿ ಖರೀದಿಯ ಪೂರ್ತಿ ಬೆಲೆಗೇ ಕೂತಿದ್ದವು. ದಾಸ್ತಾನನ್ನು ಅಸಲು ಬೆಲೆ ಅಥವಾ ಈಗ ಮಾರಿದರೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಹಿಡಿಯಬೇಕು ಎಂಬುದು ಲೆಕ್ಕಶಾಸ್ತ್ರದ ನಿಯಮ. ಹಾಗೆ ಹಿಡಿದಾಗ 66,000 ರೂಪಾಯಿ ಕಳಚಿಬಿತ್ತು. ನಿಜವಾದ ಗ್ರಾಸ್ ಲಾಭ 9.90 ಲಕ್ಷ, ಶೇ. 15. ಹಾಳಾದ ಸಾಮಾನು, ಕಳವು, ತೂಕದ ಸೋರಿಕೆ ಇವೆಲ್ಲ ಬೇರೆ ಖರ್ಚಾಗಿ ಎಲ್ಲಿಯೂ ಕಾಣದೆ ಇಲ್ಲಿಯೇ ಅಡಗಿರುತ್ತವೆ. ಆದ್ದರಿಂದಲೇ ದಾಸ್ತಾನನ್ನು ಕಣ್ಣಳತೆಯಲ್ಲಿ ಬರೆಯುವ ಅಂಗಡಿಯ ಗ್ರಾಸ್ ಮಾರ್ಜಿನ್ನನ್ನು ನಾನು ನಂಬುವುದಿಲ್ಲ.

ಶೇಕಡಾ ಯಾವುದರ ಮೇಲೆ ಎಂಬ ಗೊಂದಲವೂ ಸಾಮಾನ್ಯ. 80 ರೂಪಾಯಿಗೆ ತಂದು 100ಕ್ಕೆ ಮಾರುವವರು "ಇಪ್ಪತ್ತೈದು ಸಿಗುತ್ತದೆ" ಎನ್ನುತ್ತಾರೆ. ಅದು ಅಸಲಿನ ಮೇಲೆ, ಮಾರಾಟದ ಮೇಲೆ ಅದು ಇಪ್ಪತ್ತೇ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಗಳ ಗರಿಷ್ಠ ಬೆಲೆ ಕಟ್ಟುವಾಗ ಸರ್ಕಾರ ಸೇರಿಸುವ ಚಿಲ್ಲರೆ ಅಂಗಡಿಯ ಶೇ. 16 ಕೂಡ ಅಂಗಡಿಗೆ ಬೀಳುವ ಬೆಲೆಯ ಮೇಲಿನದು. ಮಾರಾಟದ ಮೇಲೆ ನೋಡಿದರೆ ಅದು ಶೇ. 13.8ರಷ್ಟೇ. ಎರಡು ಅಂಗಡಿಗಳನ್ನು ಹೋಲಿಸುವಾಗ ಇದು ಬೆರಕೆಯಾಗಬಾರದು.

ಶೇ. 15 ಎಂದಿಟ್ಟುಕೊಂಡರೂ 12ಕ್ಕಿಂತ ಅದು ಒಳ್ಳೆಯದೇ. ಇವರ ಖರೀದಿಯಲ್ಲಿ, ಬೆಲೆ ಇಡುವುದರಲ್ಲಿ, ಸಾಮಾನಿನ ಆಯ್ಕೆಯಲ್ಲಿ ಜಾಣತನವಿದೆ ಎಂದು ಅದು ಹೇಳುತ್ತದೆ, ಅಷ್ಟನ್ನು ಮಾತ್ರ ಹೇಳುತ್ತದೆ. ಆ ಲಾಭ ತರಲು ಎಷ್ಟು ದೊಡ್ಡ ಸಂಸಾರ ಹೂಡಿದ್ದೀರಿ ಎಂಬುದು ನೆಟ್ ಮಾರ್ಜಿನ್ ಹೇಳುವ ಮಾತು. ಖರ್ಚು 2.40 ಲಕ್ಷದಿಂದ 6.90 ಲಕ್ಷಕ್ಕೆ ಜಿಗಿದಿತ್ತು. ಮಳಿಗೆಯ ಬಾಡಿಗೆ 1.08 ಲಕ್ಷ, ಎರಡನೆಯ ಹುಡುಗನ ಸಂಬಳ 1.32 ಲಕ್ಷ, ಹೊಸ ಸಾಲದ ಬಡ್ಡಿ 84,000, ಹೆಚ್ಚಾದ ಕರೆಂಟ್ 48,000, ಫ್ರೀಜರ್ ಮತ್ತು ಕಪಾಟುಗಳ ಸವಕಳಿ 60,000, ಉಳಿದದ್ದು ಚಿಲ್ಲರೆ ಖರ್ಚು. ಗ್ರಾಸ್ ಲಾಭ ಹೆಚ್ಚಿದ್ದು 2.70 ಲಕ್ಷ, ಖರ್ಚು ಹೆಚ್ಚಿದ್ದು 4.50 ಲಕ್ಷ. ಹೀಗಾಗಿ ನಿವ್ವಳ 3 ಲಕ್ಷಕ್ಕೆ ಇಳಿಯಿತು, ಶೇ. 8 ಇದ್ದದ್ದು 4.5ರ ಆಸುಪಾಸಿಗೆ ಬಂತು. ಈ ಖರ್ಚು ಹೊತ್ತುಕೊಂಡು, ಇದೇ ಶೇ. 15ರಲ್ಲಿ, ಮೊದಲಿನ 4.80 ಲಕ್ಷವನ್ನೇ ಉಳಿಸಬೇಕಾದರೂ 78 ಲಕ್ಷ ಮಾರಾಟವಾಗಬೇಕಿತ್ತು. ದಿನಕ್ಕೆ ಇನ್ನೂ ಮೂರು ಸಾವಿರದ ಮುನ್ನೂರು ರೂಪಾಯಿಯ ವ್ಯಾಪಾರ. ಮಳಿಗೆ ಹಿಡಿಯುವ ಮೊದಲು ಈ ಒಂದು ಭಾಗಾಕಾರ ಮಾಡಿದ್ದರೆ ಸಾಕಿತ್ತು.

ನನಗೆ ಹೆಚ್ಚು ಸಂಕಟವಾಗುವುದು ಮುಂದಿನ ಮಾತಿನಲ್ಲಿ. ಆ 3 ಲಕ್ಷದಲ್ಲಿ ಗಂಡ ಹೆಂಡತಿಯ ದುಡಿಮೆಗೆ ಬೆಲೆಯನ್ನೇ ಕಟ್ಟಿಲ್ಲ, ಸ್ವಂತ ಕಟ್ಟಡಕ್ಕೂ ಬಾಡಿಗೆ ಹಿಡಿದಿಲ್ಲ. ಅಣ್ಣನಿಗೆ ತಿಂಗಳಿಗೆ 15,000, ಅಕ್ಕನಿಗೆ 10,000, ಕಟ್ಟಡಕ್ಕೆ 8,000 ಎಂದು ಸಾಧಾರಣವಾಗಿ ಹಿಡಿದರೂ ವರ್ಷಕ್ಕೆ 3.96 ಲಕ್ಷ ಆಗುತ್ತದೆ. ಹಾಗೆ ನೋಡಿದರೆ ಹಿಂದಿನ ವರ್ಷ ಅಂಗಡಿ ತಾನಾಗಿ ಗಳಿಸಿದ್ದು 84,000 ಮಾತ್ರ, ಈ ವರ್ಷ 96,000 ನಷ್ಟ. ತೆರಿಗೆಯ ಲೆಕ್ಕಕ್ಕೆ ಇದು ಬೇಡ, ನಿಜ. ಆದರೆ ಬಾಡಿಗೆ ಕೊಟ್ಟು, ಸಂಬಳದವರನ್ನಿಟ್ಟು ನಡೆಸುವ ಅಂಗಡಿಯ ನೆಟ್ ಮಾರ್ಜಿನ್ನಿನೊಂದಿಗೆ ಮನೆಮಂದಿಯ ಅಂಗಡಿಯನ್ನು ತೂಗಬೇಕಾದರೆ ಇದನ್ನು ಕಳೆಯಲೇಬೇಕು.

ಪರಿಹಾರಕ್ಕಾಗಿ ವಿಭಾಗವಾರು ಲೆಕ್ಕ ತೆಗೆದೆವು. ಫ್ರೀಜರಿನಲ್ಲಿ 5 ಲಕ್ಷದ ಮಾರಾಟ, ಶೇ. 18ರಂತೆ 90,000 ಗ್ರಾಸ್ ಲಾಭ. ಅದರ ಕರೆಂಟ್ 48,000, ಸವಕಳಿ 45,000. ಬಡ್ಡಿ ಹಿಡಿಯುವ ಮೊದಲೇ ಮೂರು ಸಾವಿರ ಕೈಬಿಟ್ಟಿತ್ತು. ಒಣಹಣ್ಣು ಮತ್ತು ಪೂಜಾ ಸಾಮಾನುಗಳದು ಬೇರೆ ಕಥೆ. ಶೇ. 25ರ ಆಸುಪಾಸಿನ ಮಾರ್ಜಿನ್, ಎರಡು ಕಪಾಟಿನ ಜಾಗ, ಕರೆಂಟಿನ ಗೊಡವೆ ಇಲ್ಲ. ಗ್ರಾಸ್ ಮಾರ್ಜಿನ್ನಿನಲ್ಲಿ ಎರಡೂ ಅಕ್ಕಿಗಿಂತ ಮೇಲೆಯೇ, ಆದರೆ ತಮ್ಮ ಖರ್ಚನ್ನು ತಾವೇ ಹೊತ್ತುಕೊಂಡದ್ದು ಒಂದೇ.

ಎರಡೂ ಮಾರ್ಜಿನ್ ಹೇಳದ ಸಂಗತಿಯೊಂದಿದೆ, ಅದು ಉದ್ರಿ. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಎಂದು ಒಯ್ದ ಸಾಮಾನು ಆ ದಿನವೇ ಮಾರಾಟವಾಗಿ ಲಾಭದಲ್ಲಿ ಸೇರುತ್ತದೆ. ಆ ವರ್ಷ ಉದ್ರಿ ಪುಸ್ತಕದಲ್ಲಿ 2.10 ಲಕ್ಷ ಹೆಚ್ಚಿಗೆ ನಿಂತಿತ್ತು. ಗಲ್ಲಾ ಖಾಲಿಯಾಗಿದ್ದಕ್ಕೆ ಅದೂ ಒಂದು ಕಾರಣ. ಬಾರದ ಉದ್ರಿಯನ್ನು ಬರುವುದಿಲ್ಲ ಎಂದು ಬರೆದುಹಾಕಿದ ದಿನವೇ ಅದು ನೆಟ್ ಮಾರ್ಜಿನ್ನನ್ನು ತಟ್ಟುತ್ತದೆ. ಅಲ್ಲಿಯವರೆಗೆ ಎರಡೂ ಅಂಕಿಗಳು ಚೆನ್ನಾಗಿಯೇ ಕಾಣುತ್ತವೆ.

ಪಕ್ಕದ ಮಳಿಗೆಯನ್ನು ಮೇ ತಿಂಗಳಲ್ಲಿ ಬಿಟ್ಟುಕೊಟ್ಟರು. ಫ್ರೀಜರ್ ಎರಡೂ ಮಾರಾಟಕ್ಕಿವೆ. ಕಪಾಟುಗಳು ಹಳೆಯ ಅಂಗಡಿಯ ಗಲ್ಲಾದ ಹಿಂದೆ ಬಂದು ನಿಂತಿವೆ, ಗೋದಾಮಿನ ಚೀಲಗಳು ಗೋಡೆಯಿಂದ ಒಂದಡಿ ದೂರ, ಮರದ ಹಲಗೆಯ ಮೇಲೆ ಕೂತಿವೆ. ಪ್ರತಿ ತಿಂಗಳ ಕೊನೆಯ ಭಾನುವಾರ ಅಕ್ಕ ತಾನೇ ದಾಸ್ತಾನು ಎಣಿಸಿ ಯಾದಿಯನ್ನು ನನಗೆ ಕಳಿಸುತ್ತಾರೆ.