ಡಿಸೆಂಬರ್ 31ಕ್ಕೆ ಕರೆಯೋ ಹೋಟೆಲಿನವರೇ, ಪೂರ್ತಿ ದರ ಎಷ್ಟು ಅಂತ ಮೊದಲು ಬರೆಯಿರಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಹೋಟೆಲುಗಳ ಹೊಸ ವರ್ಷದ ಆಮಂತ್ರಣಗಳು ವಾಟ್ಸಾಪಿನಲ್ಲಿ ಸುರಿಯುತ್ತವೆ. ಅರ್ಧ ಪೋಸ್ಟರ್ ಡಿಜೆಯ ಫೋಟೋ, ಕಾಲು ಭಾಗ ಪಟಾಕಿ. ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘₹4,500ರಿಂದ ಶುರು, ತೆರಿಗೆ ಪ್ರತ್ಯೇಕ, ಷರತ್ತು ಅನ್ವಯ’. ಜನ ದುಡ್ಡು ಕೊಡೋದು ಆ ಮೂಲೆಯ ಸಾಲಿಗೆ. ಅದನ್ನೇ ಮುಚ್ಚಿಟ್ಟರೆ ಹೇಗೆ ಸ್ವಾಮಿ?

ಒಂದು ಮನೆಯ ಲೆಕ್ಕ ಹಾಕಿ ನೋಡಿ. ಗಂಡ ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ ಅತ್ತೆ. ಕಪಲ್ ಟಿಕೆಟ್ 8,000, ಅತ್ತೆಗೆ ಸಿಂಗಲ್ 4,500, ಮಗುವಿಗೆ 2,000. ಒಟ್ಟು 14,500 ಅಂದುಕೊಂಡು ಹೊರಟರೆ, 18% ಜಿಎಸ್‌ಟಿ ಅಂದರೆ 2,610 ಸೇರಿ ಬಿಲ್ಲು 17,110 ಆಗುತ್ತದೆ. ಹಿಂದಿನ ವರ್ಷ ಯಾವುದಾದರೂ ರೂಮಿನ ಬಾಡಿಗೆ ದಿನಕ್ಕೆ 7,500 ದಾಟಿದ್ದ ಹೋಟೆಲಿನ ಒಳಗಿನ ರೆಸ್ಟೋರೆಂಟಿನ ಊಟಕ್ಕೆ 18% ಬೀಳುತ್ತದೆ. ಬೀದಿಬದಿಯ ಸಾಮಾನ್ಯ ರೆಸ್ಟೋರೆಂಟಿನ 5% ನೆನಪಲ್ಲಿಟ್ಟುಕೊಂಡು ಬಂದವರಿಗೆ ಇದು ಗೊತ್ತಿರುವುದಿಲ್ಲ. ಹೋಟೆಲಿನವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ 17,110 ಅಂತ ಹೇಳದೆ 4,500 ಅಂತ ಕರೆಯೋದು ಮೋಸ. ಇದರ ಮೇಲೆ ಕೆಲವರು ತಾವಾಗಿಯೇ 10% ಸರ್ವಿಸ್ ಚಾರ್ಜ್ ಸೇರಿಸುತ್ತಾರೆ. ಹಾಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ಸೇರಿಸಿದ್ದರೆ ತೆಗೆಯಿರಿ ಅನ್ನಿ, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇನ್ನೊಂದು ಗೋಜಲು ‘ಎಂಟ್ರಿ’ ಮತ್ತು ‘ಕವರ್’. ಕವರ್ ಚಾರ್ಜ್ ಅಂದರೆ ಕಟ್ಟಿದ ದುಡ್ಡಿಗೆ ಊಟ, ಪಾನೀಯ ತಗೋಬಹುದು. ಎಂಟ್ರಿ ಅಂದರೆ ಬಾಗಿಲು ದಾಟಿದ್ದಕ್ಕೇ ಆ ದುಡ್ಡು ಮುಗಿಯಿತು. ಪೋಸ್ಟರಿನಲ್ಲಿ ಎರಡನ್ನೂ ಕಲಸಿ ಬರೆದರೆ ಒಳಗೆ ಹೋದಮೇಲೆ ನೀರಿನ ಬಾಟಲಿಗೂ ಬಿಲ್ಲು ಬರುತ್ತದೆ.

ಸೀಟಿನ ವಿಷಯ ಇನ್ನೂ ಕೆಟ್ಟದ್ದು. ‘ಮೊದಲು ಬಂದವರಿಗೆ ಆದ್ಯತೆ’ ಅಂತ ಬರೆದಿದ್ದರೆ ಕುರ್ಚಿಗಿಂತ ಟಿಕೆಟ್ ಜಾಸ್ತಿ ಮಾರಿರಬಹುದು ಅಂತಲೇ ಓದಿಕೊಳ್ಳಿ. ಎಂಬತ್ತು ಕುರ್ಚಿಯ ಹಾಲಿಗೆ ನೂರಿಪ್ಪತ್ತು ಟಿಕೆಟ್ ಹೋದರೆ ನಲವತ್ತು ಜನ ಎತ್ತರದ ಮೇಜಿಗೆ ಆತುಕೊಂಡು ನಿಲ್ಲಬೇಕು. ವಯಸ್ಸಾದ ಅತ್ತೆ ಎಂಟರಿಂದ ಹನ್ನೆರಡರವರೆಗೆ ನಿಲ್ಲೋಕಾಗುತ್ತಾ? ಬುಕ್ ಮಾಡುವಾಗ ಒಂದೇ ಪ್ರಶ್ನೆ ಕೇಳಿ: ಟಿಕೆಟ್ಟಿನ ಮೇಲೆ ಟೇಬಲ್ ನಂಬರ್ ಬರುತ್ತಾ? ‘ಬನ್ನಿ ಸಾರ್, ಅಡ್ಜಸ್ಟ್ ಮಾಡ್ತೀವಿ’ ಅಂದರೆ ಸೀಟಿಲ್ಲ ಅಂತಲೇ ಅರ್ಥ.

ಮೆನು ಅಂದರೆ ‘ಅನ್‌ಲಿಮಿಟೆಡ್’ ಅನ್ನೋ ಒಂದೇ ಪದ. ಸ್ಟಾರ್ಟರ್ಸ್ ತಟ್ಟೆ ಹಿಡಿದು ಹೊರಟ ಹುಡುಗ ಅಡುಗೆಮನೆ ಬಾಗಿಲ ಪಕ್ಕದ ನಾಲ್ಕು ಟೇಬಲ್ ದಾಟುವಷ್ಟರಲ್ಲಿ ತಟ್ಟೆ ಖಾಲಿ, ದೂರದ ಮೂಲೆಗೆ ಬರೀ ಪುದೀನ ಚಟ್ನಿ. ಬಫೆ ಹತ್ತೂವರೆಗೆ ತೆರೆದರೂ ಜನ ಕೌಂಟ್‌ಡೌನ್ ಮುಗಿಸಿ 12.05ಕ್ಕೆ ಒಟ್ಟಿಗೆ ನುಗ್ಗುತ್ತಾರೆ. ಪ್ರತಿವರ್ಷ ಹೀಗೇ ಆಗುತ್ತದೆ. ಹೀಗಿದ್ದೂ ಹನ್ನೆರಡೂವರೆಗೆ ಕೌಂಟರ್ ಮುಚ್ಚಿದರೆ ಸಾಲಿನ ಕೊನೆಯವರಿಗೆ ತಣ್ಣಗಾದ ಅನ್ನವೇ ಗತಿ. ಎಷ್ಟು ಐಟಂ, ವೆಜ್ ಕೌಂಟರ್ ಬೇರೆ ಇದೆಯಾ, ಪಾನೀಯದಲ್ಲಿ ಯಾವ ಬ್ರ್ಯಾಂಡ್, ಕೊನೆಯ ಆರ್ಡರ್ ಎಷ್ಟು ಗಂಟೆಗೆ, ಇಷ್ಟನ್ನಾದರೂ ಬರೆಯಬೇಡವೇ?

ವಯಸ್ಸಿನ ನಿಯಮಕ್ಕಂತೂ ಸಿಟ್ಟು ನೆತ್ತಿಗೇರುತ್ತದೆ. ಐದರ ಒಳಗೆ ಉಚಿತ, ಐದರಿಂದ ಹನ್ನೆರಡು ಮಕ್ಕಳ ದರ, ಆಮೇಲೆ ನೇರ 21+. ಹದಿಮೂರರಿಂದ ಇಪ್ಪತ್ತರವರು ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಬಾರುಗಳು ಮದ್ಯ ಕೊಡುವುದು 21 ತುಂಬಿದವರಿಗೆ. ಅದು ಸರಿಯೇ. ಆದರೆ ಹದಿನಾರರ ಹುಡುಗನಿಂದ ಮದ್ಯ ಸೇರಿದ ಪೂರ್ತಿ 4,500 ಕಿತ್ತುಕೊಂಡು, ಅವನ ಕೈಗೆ ಫ್ರೂಟ್ ಪಂಚ್ ಕೊಡೋದು ಯಾವ ನ್ಯಾಯ? ಇನ್ನು ಕೆಲವು ಕಡೆ ದುಡ್ಡು ಕಟ್ಟಿಸಿಕೊಂಡು, ಗೇಟಿನಲ್ಲಿ ‘21ರ ಕೆಳಗಿನವರಿಗೆ ಪ್ರವೇಶವೇ ಇಲ್ಲ’ ಅಂತ ತಡೆಯುತ್ತಾರೆ. ಮದ್ಯ ಕೊಡದಿರೋದು ಬೇರೆ, ಒಳಗೇ ಬಿಡದಿರೋದು ಬೇರೆ. ಯಾವುದು ನಿಮ್ಮ ನಿಯಮ ಅಂತ ಟಿಕೆಟ್ ಮಾರುವ ಮುಂಚೆ ಹೇಳಿ.

ಸರಿಯಾಗಿ ಬರೆದರೆ ಇಷ್ಟೇ ಸಾಕು:

“ಡಿಸೆಂಬರ್ 31, ರಾತ್ರಿ 8ರಿಂದ 1. ತೆರಿಗೆ ಸೇರಿ: ಕಪಲ್ ₹9,440, ಸಿಂಗಲ್ ₹5,310, ಮದ್ಯ ಬೇಡದವರು ಮತ್ತು 13ರಿಂದ 20 ವರ್ಷದವರು ₹3,540, 5ರಿಂದ 12 ವರ್ಷದ ಮಕ್ಕಳು ₹2,360, 5ರ ಒಳಗೆ ಉಚಿತ. ಬೇರೆ ಯಾವ ಚಾರ್ಜೂ ಇಲ್ಲ. ಪ್ರತಿ ಟಿಕೆಟ್ಟಿಗೂ ಟೇಬಲ್ ನಂಬರ್, ರಾತ್ರಿ 10ರವರೆಗೆ ಕಾಯ್ದಿರಿಸಲಾಗುತ್ತದೆ. ಸ್ಟಾರ್ಟರ್ಸ್ 4 ವೆಜ್, 4 ನಾನ್‌ವೆಜ್. ಬಫೆ 10.30ರಿಂದ 12.50, ವೆಜ್ ಕೌಂಟರ್ ಪ್ರತ್ಯೇಕ. ಮದ್ಯ 21 ತುಂಬಿದವರಿಗೆ ಮಾತ್ರ, ಫೋಟೋ ಇರುವ ಗುರುತಿನ ಚೀಟಿ ತನ್ನಿ, ಕೊನೆಯ ಆರ್ಡರ್ 12.30.”

ಇದಕ್ಕೆ ಜಾಗ ಸಾಲದಿದ್ದರೆ ಡಿಜೆಯ ಫೋಟೋ ಚಿಕ್ಕದು ಮಾಡಿ.